ಹೊಂದಿಕೆ ಯಾರಿಗೆ: ಕೆಲಸಕ್ಕೋ, ಸಂದರ್ಶಕರಿಗೋ?

ಸಂದರ್ಶನ ಮುಗಿದಾಗ ಮೇಜಿನ ಮೇಲೆ ಮೂರು ಹಾಳೆಗಳಿದ್ದವು. ಎರಡರ ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ: ‘ಒಳ್ಳೆಯ ಹುಡುಗಿ, ಆದರೆ ನಮ್ಮ ತಂಡಕ್ಕೆ ಹೊಂದುವುದಿಲ್ಲ.’ ಮೂರನೆಯ ಹಾಳೆ ನನ್ನದು. ಅದರಲ್ಲಿ ನಾನೂ ‘ಆತ್ಮವಿಶ್ವಾಸ ಸಾಲದು’ ಎಂದು ಬರೆದಿದ್ದೆ.

ಅದು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ಒಂದು ಚಿಕ್ಕ ಕಂಪನಿ. ಜವಳಿ ಅಂಗಡಿ, ಔಷಧ ಅಂಗಡಿ, ಮಂಡಿ ವರ್ತಕರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಟ್ಟು, ಅದು ಕೈಕೊಟ್ಟಾಗ ಫೋನಿನಲ್ಲಿ ನೆರವಾಗುವುದು ಅವರ ಕೆಲಸ. ನಲವತ್ತು ಜನ ಇದ್ದಾರೆ. ನೇಮಕಾತಿಯ ಸಮಯದಲ್ಲಿ ಹೊರಗಿನವನಾದ ನನ್ನನ್ನೂ ಕೂರಿಸಿಕೊಳ್ಳುತ್ತಾರೆ. ಗ್ರಾಹಕ ಸಹಾಯ ವಿಭಾಗದಲ್ಲಿ ಒಂದು ಹುದ್ದೆ ಖಾಲಿಯಿತ್ತು. ಕೊನೆಯ ಸುತ್ತಿಗೆ ಇಬ್ಬರು ಉಳಿದಿದ್ದರು. ಒಬ್ಬ ಯುವಕ, ಇದೇ ಊರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವನು, ವ್ಯವಸ್ಥಾಪಕರು ಓದಿದ್ದೂ ಅಲ್ಲಿಯೇ. ಇನ್ನೊಬ್ಬಳು ಜಗಳೂರು ತಾಲ್ಲೂಕಿನ ಹಳ್ಳಿಯ ಯುವತಿ, ಸರ್ಕಾರಿ ಕಾಲೇಜಿನ ಬಿ.ಕಾಂ., ಎರಡು ವರ್ಷ ಊರಿನ ಹಾಲು ಉತ್ಪಾದಕರ ಸಂಘದಲ್ಲಿ ಲೆಕ್ಕ ಬರೆದವಳು.

ಯುವಕನ ಸಂದರ್ಶನ ನಲವತ್ತು ನಿಮಿಷ ನಡೆಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋದದ್ದು ಕಾಲೇಜಿನ ಕ್ಯಾಂಟೀನು, ಅಲ್ಲಿನ ಕ್ರಿಕೆಟ್ ತಂಡ, ಯಾವ ಹೋಟೆಲಿನ ಬೆಣ್ಣೆದೋಸೆ ಈಗಲೂ ಹಳೆಯ ರುಚಿ ಉಳಿಸಿಕೊಂಡಿದೆ ಎಂಬ ಮಾತಿಗೆ. ಯುವತಿಯದು ಹದಿನೆಂಟು ನಿಮಿಷಕ್ಕೆ ಮುಗಿಯಿತು. ಆಕೆ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಕನ್ನಡದಲ್ಲಿ, ಸಣ್ಣ ವಾಕ್ಯಗಳಲ್ಲಿ, ಕೇಳಿದ್ದಕ್ಕೆ ಮಾತ್ರ ಉತ್ತರಿಸಿದಳು. ನಮಗೆ ಮುಂದೆ ಏನು ಮಾತನಾಡಬೇಕೆಂದು ತೋಚಲಿಲ್ಲ. ನಮಗೆ ಮಾತು ತೋಚದೇ ಹೋದದ್ದನ್ನು ನಾವು ಆಕೆಯ ಕೊರತೆ ಎಂದು ಬರೆದುಕೊಂಡೆವು.

ಆ ಸಂಜೆ ಹಾಳೆಗಳನ್ನು ಮತ್ತೆ ಓದುವಾಗ ಒಂದು ವಿಷಯ ನನ್ನನ್ನು ಕಾಡಿತು. ಈ ಕಂಪನಿಗೆ ಫೋನ್ ಮಾಡುವ ಅಂಗಡಿಯವರಲ್ಲಿ ಬಹುಪಾಲು ಜನ ಕನ್ನಡದಲ್ಲಿ ಮಾತನಾಡುತ್ತಾರೆ, ಕೆಲವರು ಉರ್ದುವಿನಲ್ಲಿ. ಫೋನಿನ ಆಚೆ ಇರುವವರಿಗೆ ಕುರ್ಚಿಯಲ್ಲಿ ಹೇಗೆ ಕೂತಿದ್ದಾರೆ ಎಂಬುದು ಕಾಣುವುದಿಲ್ಲ. ಹಾಗಿದ್ದರೆ ಆಕೆ ಹೊಂದುವುದಿಲ್ಲ ಎಂದು ನಾವು ಬರೆದದ್ದು ಯಾವುದಕ್ಕೆ? ಕೆಲಸಕ್ಕಂತೂ ಅಲ್ಲ. ಸಂಜೆ ಐದು ಗಂಟೆಯ ಚಹಾದ ಹರಟೆಗೆ.

ಕಂಪನಿಯ ವಾತಾವರಣಕ್ಕೆ ಅಭ್ಯರ್ಥಿ ಹೊಂದುತ್ತಾರೆಯೇ ಎಂದು ನೋಡುವುದು ಈಗ ಬೆಂಗಳೂರಿನ ದೊಡ್ಡ ಕಚೇರಿಗಳಿಗೆ ಸೀಮಿತವಾದ ಅಭ್ಯಾಸವಲ್ಲ. ನಮ್ಮ ಕಡೆಯ ಸಹಕಾರಿ ಬ್ಯಾಂಕು, ಖಾಸಗಿ ಶಾಲೆ, ಶೋರೂಮುಗಳಲ್ಲಿಯೂ ಕೊನೆಯ ತೀರ್ಮಾನ ಇದರ ಮೇಲೆಯೇ ನಿಲ್ಲುತ್ತದೆ. ತೊಂದರೆ ಏನೆಂದರೆ, ‘ಹೊಂದಿಕೆ’ ಎಂಬ ಒಂದೇ ಪದ ಎರಡು ಬೇರೆ ಸಂಗತಿಗಳನ್ನು ಹೊತ್ತುಕೊಂಡಿದೆ. ತಪ್ಪಾದಾಗ ಒಪ್ಪಿಕೊಳ್ಳುವುದು, ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸುವುದು, ಮೇಲಿನವರ ಮಾತು ಸರಿಯಿಲ್ಲ ಎನ್ನಿಸಿದಾಗ ಅದನ್ನು ಹೇಳುವುದು ಒಂದು ಬಗೆ. ಇದು ಕೆಲಸದ ಹೊಂದಿಕೆ. ಎದುರು ಕೂತವರೊಡನೆ ನಮಗೆ ಸಲುಗೆ ಹುಟ್ಟುವುದು ಇನ್ನೊಂದು ಬಗೆ. ಎರಡನೆಯದು ಹತ್ತು ನಿಮಿಷದಲ್ಲಿ ತಾನಾಗಿ ಗೊತ್ತಾಗುತ್ತದೆ. ಮೊದಲನೆಯದನ್ನು ತಿಳಿಯಲು ಶ್ರಮ ಬೇಕು. ಶ್ರಮ ಪಡದಿದ್ದರೆ ಸಲುಗೆಯೇ ಹೊಂದಿಕೆಯ ಜಾಗದಲ್ಲಿ ಕೂತುಬಿಡುತ್ತದೆ.

ಸಮಾಜಶಾಸ್ತ್ರಜ್ಞೆ ಲಾರೆನ್ ರಿವೆರಾ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಅಮೆರಿಕದ ದೊಡ್ಡ ವಕೀಲ ಸಂಸ್ಥೆ, ಹೂಡಿಕೆ ಬ್ಯಾಂಕು ಮತ್ತು ಸಲಹಾ ಸಂಸ್ಥೆಗಳಲ್ಲಿ ನೇಮಕಾತಿ ಮಾಡುವ 120 ಜನರನ್ನು ಅವರು ಮಾತನಾಡಿಸಿದರು. ಅಭ್ಯರ್ಥಿಯ ಬಿಡುವಿನ ಹವ್ಯಾಸ, ಓಡಾಡಿದ ಜಾಗ, ಮಾತಿನ ಧಾಟಿ ತಮ್ಮದರಂತೆ ಇದ್ದರೆ ಅದನ್ನೇ ಅವರು ಹೊಂದಿಕೆ ಎಂದು ಎಣಿಸುತ್ತಿದ್ದರು. ವಿಮಾನ ನಿಲ್ದಾಣದಲ್ಲಿ ಇವರೊಡನೆ ಸಿಕ್ಕಿಕೊಂಡರೆ ಹೊತ್ತು ಕಳೆಯಬಹುದೇ ಎಂಬುದೂ ಅಲ್ಲಿ ಒಂದು ಅಳತೆಗೋಲಾಗಿತ್ತು.

ನಮ್ಮಲ್ಲಿ ಈ ಅಳತೆಗೋಲಿನ ರೂಪ ಬೇರೆ. ‘ಯಾವ ಊರು?’, ‘ಅಲ್ಲಿ ಯಾರ ಕಡೆಯವರು?’, ‘ದಾವಣಗೆರೆಯಲ್ಲಿ ಮನೆ ಎಲ್ಲಿ?’, ‘ತಂದೆ ಏನು ಮಾಡುತ್ತಾರೆ?’ ಕೇಳುವವರಿಗೆ ಇವು ಪ್ರೀತಿಯ ಮಾತುಗಳು, ಎದುರಿನವರ ಅಂಜಿಕೆ ಕಳೆಯಲು ಆಡುವವು. ಆದರೆ ದಾವಣಗೆರೆಯಲ್ಲಿ ‘ಎಂ.ಸಿ.ಸಿ. ಬಿ ಬ್ಲಾಕ್’ ಎಂಬ ಉತ್ತರಕ್ಕೂ ‘ಆಜಾದ್ ನಗರ’ ಎಂಬ ಉತ್ತರಕ್ಕೂ ಇರುವ ಅಂತರ ಬರೀ ರಸ್ತೆಯದಲ್ಲ. ಬಡಾವಣೆಯ ಹೆಸರು ಕೇಳಿದೊಡನೆ ಧರ್ಮ, ಅಡ್ಡಹೆಸರಿನಿಂದ ಜಾತಿ, ತಂದೆಯ ಕಸುಬಿನಿಂದ ಅಂತಸ್ತು ಸಂದರ್ಶಕರ ತಲೆಯೊಳಗೆ ಬಂದು ಕೂರುತ್ತವೆ. ಬೇಡವೆಂದರೂ ಕೂರುತ್ತವೆ. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ದೆಹಲಿ ಕಡೆಯ ದೊಡ್ಡ ಕಂಪನಿಗಳ ಸಿಬ್ಬಂದಿ ವಿಭಾಗದ ಮುಖ್ಯಸ್ಥರನ್ನು ಮಾತನಾಡಿಸಿದಾಗ, ತಾವು ಅರ್ಹತೆಯನ್ನಷ್ಟೇ ನೋಡುತ್ತೇವೆ ಎಂದವರೇ ‘ಕುಟುಂಬದ ಹಿನ್ನೆಲೆ’ ಬಹಳ ಮುಖ್ಯ ಎಂದೂ ಹೇಳಿದ್ದರು. ಆ ಎರಡು ಮಾತುಗಳ ನಡುವಿನ ವಿರೋಧ ಅವರಿಗೆ ಕಂಡಿರಲಿಲ್ಲ.

ಊಟದ ಮಾತನ್ನೂ ಇಲ್ಲಿ ಹೇಳಲೇಬೇಕು. ‘ನಮ್ಮಲ್ಲಿ ಎಲ್ಲರೂ ಡಬ್ಬಿ ಬಿಚ್ಚಿ ಒಟ್ಟಿಗೆ ಉಣ್ಣುತ್ತೇವೆ, ಮನೆಯಂಥ ವಾತಾವರಣ’ ಎಂದು ಹಲವು ಕಚೇರಿಗಳು ಹೆಮ್ಮೆಯಿಂದ ಹೇಳುತ್ತವೆ. ಆ ಮೇಜಿನ ಮೇಲೆ ಯಾವ ಡಬ್ಬಿ ಬಿಚ್ಚಬಹುದು, ಯಾವುದನ್ನು ಬಿಚ್ಚಬಾರದು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಂಥ ಕಚೇರಿಯಲ್ಲಿ ‘ಹೊಂದುವುದಿಲ್ಲ’ ಎಂದು ಯಾರಾದರೂ ಬರೆದರೆ, ಆ ಪದದ ಹಿಂದೆ ಏನಿದೆ ಎಂದು ಬರೆದವರನ್ನು ಕೂರಿಸಿ ಕೇಳಬೇಕು. ಇದು ಮುಜುಗರದ ಮಾತು. ಆದರೂ ಕೇಳಬೇಕು.

ಹೊಂದಿಕೆಯನ್ನು ನೋಡುವುದನ್ನೇ ಕೈಬಿಟ್ಟರೆ ಆಗದೇ ಎಂದರೆ, ಆಗದು ಎಂದೇ ನನ್ನ ಅನುಭವ ಹೇಳುತ್ತದೆ. ಕೆಲಸದಲ್ಲಿ ಬಹಳ ಚುರುಕಾಗಿದ್ದು, ತನ್ನ ತಪ್ಪನ್ನು ಮುಚ್ಚಿಟ್ಟು ಮೂರು ತಿಂಗಳ ಲೆಕ್ಕ ಕೆಡಿಸಿದವರನ್ನು ನಾನು ಕಂಡಿದ್ದೇನೆ. ಅದು ನಿಜವಾದ ಹೊಂದಿಕೆಯ ಕೊರತೆ. ಆದ್ದರಿಂದ ಹೊಂದಿಕೆಯನ್ನು ನೋಡಲೇಬೇಕು, ಆದರೆ ಕಣ್ಣಿಗೆ ಕಾಣುವ ನಡವಳಿಕೆಯಾಗಿ ಬಿಡಿಸಿ ನೋಡಬೇಕು. ಸಂದರ್ಶನಕ್ಕೆ ಮೊದಲು ಕಾಗದದ ಮೇಲೆ ಬರೆಯಲಾಗದ ಯಾವ ಕಾರಣಕ್ಕೂ ಒಬ್ಬರನ್ನು ತಿರಸ್ಕರಿಸಬಾರದು. ನಾನು ಹಿಡಿದಿರುವ ನಿಯಮ ಇದೊಂದೇ.

ಬರೆಯುವುದು ಅಂದುಕೊಂಡಷ್ಟು ಸುಲಭವಿಲ್ಲ. ‘ನಮ್ಮ ಕಂಪನಿಯ ಸಂಸ್ಕೃತಿ ಏನು?’ ಎಂದು ಕೇಳಿದರೆ ‘ಪ್ರಾಮಾಣಿಕತೆ, ತಂಡಸ್ಫೂರ್ತಿ, ಉತ್ಸಾಹ’ ಎಂಬ ಉತ್ತರ ಬರುತ್ತದೆ. ಅದರಿಂದ ಯಾರನ್ನೂ ಅಳೆಯಲಾಗದು. ‘ಉತ್ಸಾಹ’ ಎಂದರೆ ಜೋರಾಗಿ ಮಾತನಾಡುವುದು ಎಂದು ಒಬ್ಬರು ತಿಳಿದರೆ, ತಡವಾದರೂ ಕೆಲಸ ಮುಗಿಸಿ ಏಳುವುದು ಎಂದು ಇನ್ನೊಬ್ಬರು ತಿಳಿಯುತ್ತಾರೆ. ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿದೆವು. ಕಳೆದ ಒಂದು ವರ್ಷದಲ್ಲಿ ಗ್ರಾಹಕ ಸಹಾಯ ವಿಭಾಗದಲ್ಲಿ ದೊಡ್ಡ ಪೆಟ್ಟು ಬಿದ್ದದ್ದು ಯಾವಾಗ, ಯಾರು ಏನು ಮಾಡದೇ ಹೋದದ್ದರಿಂದ ಎಂದು ಅಲ್ಲಿ ದಿನವೂ ಫೋನ್ ಎತ್ತುವವರನ್ನು ಕೇಳಿದೆವು. ಮೂರು ಸಂಗತಿಗಳು ಮತ್ತೆ ಮತ್ತೆ ಬಂದವು. ಕೆಟ್ಟ ಸುದ್ದಿಯನ್ನು ತಡವಾಗಿ ಹೇಳಿದ್ದು. ಅರ್ಧ ಮುಗಿದ ದೂರನ್ನು ಬರಹದಲ್ಲಿ ಒಪ್ಪಿಸದೆ ಮನೆಗೆ ಹೋದದ್ದು. ಹಿರಿಯರು ಕೊಟ್ಟ ಅಂಕಿ ತಪ್ಪೆಂದು ಗೊತ್ತಿದ್ದೂ ಸುಮ್ಮನಿದ್ದದ್ದು. ಆ ವಿಭಾಗದ ಸಂಸ್ಕೃತಿ ಎಂದರೆ ಈ ಮೂರೇ. ಕ್ರಿಕೆಟ್ಟಾಗಲೀ ಇಂಗ್ಲಿಷಾಗಲೀ ಪಟ್ಟಿಗೆ ಬರಲೇ ಇಲ್ಲ.

ಪ್ರತಿಯೊಂದಕ್ಕೂ ಒಂದೊಂದು ಪ್ರಶ್ನೆ ಕಟ್ಟಿ, ಇಬ್ಬರು ಅಭ್ಯರ್ಥಿಗಳನ್ನೂ ನಾಲ್ಕು ದಿನ ಬಿಟ್ಟು ಮತ್ತೆ ಕರೆದೆವು. ಮೊದಲ ಸಂದರ್ಶನದಲ್ಲಿ ಇದ್ದವರು ಆಗಲೇ ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟಿದ್ದರಿಂದ ಅವರಿಗೆ ಅಂಕ ಕೊಡುವ ಕೆಲಸವಿರಲಿಲ್ಲ. ಅಭ್ಯರ್ಥಿಗಳನ್ನು ನೋಡಿರದ ಇಬ್ಬರು ಅಂಕ ಕೊಟ್ಟರು: ಆ ವಿಭಾಗದ ಮೇಲ್ವಿಚಾರಕಿ ಮತ್ತು ಆರು ವರ್ಷದಿಂದ ಫೋನ್ ಎತ್ತುತ್ತಿರುವ ಒಬ್ಬ ನೌಕರ. ನಾನು ಪ್ರಶ್ನೆಗಳನ್ನು ಓದಿದೆ, ಅಷ್ಟೇ. ನೀರು, ಚಹಾ, ‘ಬಸ್ಸು ಸಿಕ್ಕಿತೇ’ ಎಂಬ ಮಾತುಗಳನ್ನು ಅಂಕ ಕೊಡದ ಬೇರೊಬ್ಬರು ಹೊರಗಿನ ಕೋಣೆಯಲ್ಲಿ ಮುಗಿಸಿದರು. ಇದು ಚಿಕ್ಕ ಏರ್ಪಾಡಿನಂತೆ ಕಾಣುತ್ತದೆ, ಆದರೆ ಇದರ ಪ್ರಯೋಜನ ದೊಡ್ಡದು. ಅಭ್ಯರ್ಥಿಗೆ ಬೇಕಾದ ಆತ್ಮೀಯತೆ ಸಿಗುತ್ತದೆ, ಸಲುಗೆ ಮಾತ್ರ ಅಂಕದ ಹಾಳೆಯವರೆಗೆ ಬರುವುದಿಲ್ಲ.

ಮೊದಲ ಪ್ರಶ್ನೆಯನ್ನು ನಿಜವಾಗಿ ನಡೆದ ಒಂದು ಗೊಂದಲದಿಂದ ತೆಗೆದುಕೊಂಡೆವು. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿನ ಜಿಎಸ್‌ಟಿ ಬದಲಾಯಿತು. ಅದಕ್ಕೂ ಮೊದಲು ಸಾವಿರ ರೂಪಾಯಿಯವರೆಗಿನ ಉಡುಪಿಗೆ ಶೇ 5, ಅದರ ಮೇಲಿನದಕ್ಕೆ ಶೇ 12 ಇತ್ತು. ಈಗ 2,500 ರೂಪಾಯಿಯವರೆಗೆ ಶೇ 5, ಅದಕ್ಕೂ ಮೇಲೆ ಶೇ 18. ನಾವು ಕೇಳಿದ್ದು ಇದು: ‘ಮೂರು ಜವಳಿ ಅಂಗಡಿಗಳಲ್ಲಿ ನೀವು ಹೊಸ ದರ ಹಾಕಿದ್ದೀರಿ, ಆದರೆ ಮಿತಿಯನ್ನು ಸಾವಿರದಲ್ಲಿಯೇ ಬಿಟ್ಟುಬಿಟ್ಟಿದ್ದೀರಿ. 1,800 ರೂಪಾಯಿಯ ಸಲ್ವಾರಿಗೆ 90 ರೂಪಾಯಿ ತೆರಿಗೆ ಹಾಕುವ ಬದಲು 324 ಬೀಳುತ್ತಿದೆ. ರಾತ್ರಿ ಎಂಟು ಗಂಟೆ. ನಿಮಗೆ ಈಗಷ್ಟೇ ಅನುಮಾನ ಬಂದಿದೆ. ಹಿರಿಯರು ಮನೆಗೆ ಹೋಗಿದ್ದಾರೆ. ಏನು ಮಾಡುತ್ತೀರಿ?’

ಯಾವ ಉತ್ತರಕ್ಕೆ ಎಷ್ಟು ಅಂಕ ಎಂಬುದನ್ನು ಮೊದಲೇ ಬರೆದಿಟ್ಟಿದ್ದೆವು. ಯಾರಿಗೂ ಹೇಳದೆ ಸರಿಪಡಿಸಿದರೆ ಒಂದು. ಸರಿಪಡಿಸಿ ಬೆಳಿಗ್ಗೆ ಹೇಳಿದರೆ ಮೂರು. ಆಗಲೇ ಹಿರಿಯರಿಗೆ ತಿಳಿಸಿ, ಆಗಿಹೋದ ಬಿಲ್ಲುಗಳನ್ನು ಹುಡುಕಿ, ಅಂಗಡಿಯವರಿಗೂ ಹೇಳಿದರೆ ಐದು. ಹೀಗೆ ಬರೆದಿಟ್ಟಿದ್ದರೆ ‘ಚೆನ್ನಾಗಿ ಮಾತನಾಡಿದ’ ಎಂಬುದಕ್ಕೆ ಅಂಕ ಬೀಳುವ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ.

ಯುವಕ ತಡವರಿಸಲಿಲ್ಲ. ‘ತಕ್ಷಣ ಸಿಸ್ಟಮ್‌ನಲ್ಲಿ ಸರಿಮಾಡುತ್ತೇನೆ. ಅಂಗಡಿಯವರಿಗೆ ಹೇಳಿ ಗಾಬರಿಪಡಿಸುವುದು ಬೇಡ, ಬೆಳಿಗ್ಗೆ ಸರ್‌ಗೆ ಹೇಳಿದರೆ ಸಾಕು’ ಎಂದ. ಯುವತಿ ಸ್ವಲ್ಪ ಹೊತ್ತು ಸುಮ್ಮನಿದ್ದು ಮರುಪ್ರಶ್ನೆ ಹಾಕಿದಳು: ‘ಆ ದರದಲ್ಲಿ ಬಿಲ್ಲು ಆಗಲೇ ಗಿರಾಕಿಗಳ ಕೈಗೆ ಹೋಗಿದೆಯೇ, ಸರ್?’ ಹೋಗಿದೆ ಎಂದೆ. ಹಾಗಾದರೆ ಅಂಗಡಿಯವರಿಗೆ ಈಗಲೇ ಹೇಳಬೇಕು, ಗಿರಾಕಿ ನಾಳೆ ಬಂದು ಅವರನ್ನು ಕೇಳುತ್ತಾರೆ, ಅವರಿಗೆ ಗೊತ್ತಿರಬೇಕು ಎಂದಳು. ಹಾಲಿನ ಸಂಘದಲ್ಲಿ ಒಂದು ಬೆಳಿಗ್ಗೆ ಕೊಬ್ಬಿನ ಅಂಶದ ಅಂಕಿಯನ್ನು ಹನ್ನೊಂದು ಜನರಿಗೆ ಒಂದು ಸಾಲು ಕೆಳಗೆ ಬರೆದುಬಿಟ್ಟದ್ದನ್ನೂ, ಹಣ ಬಟವಾಡೆಗೆ ಮೊದಲೇ ಕಾರ್ಯದರ್ಶಿಗೆ ಹೇಳಿ ಬೈಸಿಕೊಂಡದ್ದನ್ನೂ ತಾನಾಗಿಯೇ ಹೇಳಿದಳು. ಮೊದಲ ಸಂದರ್ಶನದಲ್ಲಿ ಇದು ನಮಗೆ ತಿಳಿದಿರಲಿಲ್ಲ, ಏಕೆಂದರೆ ನಾವು ಕೇಳಿರಲಿಲ್ಲ.

ಎಲ್ಲವೂ ಹೀಗೆ ಒಂದೇ ಕಡೆಗೆ ವಾಲಲಿಲ್ಲ. ಎರಡನೆಯದು ಬರೆಯುವ ಕೆಲಸ: ಅರ್ಧ ಮುಗಿದ ಒಂದು ದೂರನ್ನು ಕೊಟ್ಟು, ಮುಂದಿನ ಪಾಳಿಯವರಿಗೆ ಟಿಪ್ಪಣಿ ಬರೆಯಲು ಹತ್ತು ನಿಮಿಷ ಕೊಟ್ಟೆವು. ಯುವಕನ ಟಿಪ್ಪಣಿ ಅಚ್ಚುಕಟ್ಟಾಗಿತ್ತು: ಅಂಗಡಿಯ ಹೆಸರು, ಏನು ಮಾಡಿ ನೋಡಿದೆ, ಏನು ಬಾಕಿ, ಯಾವ ಹೊತ್ತಿಗೆ ಮತ್ತೆ ಫೋನ್ ಮಾಡಬೇಕು. ಯುವತಿ ಬರೆದದ್ದು ಎರಡು ಸಾಲು, ಅದನ್ನು ಓದಿದ ಮೂರನೆಯವರಿಗೆ ಏನೂ ತಿಳಿಯುತ್ತಿರಲಿಲ್ಲ.

ನಮ್ಮದೇ ತಪ್ಪು ಹೊರಬಿದ್ದದ್ದು ಮೂರನೆಯದರಲ್ಲಿ. ‘ಮೇಲಧಿಕಾರಿಯ ಅಭಿಪ್ರಾಯವನ್ನು ನೀವು ಒಪ್ಪದೇ ಹೋದ ಒಂದು ಸಂದರ್ಭ ಹೇಳಿ’ ಎಂಬುದು ಸಂದರ್ಶನಗಳಲ್ಲಿ ಬಹಳ ಬಳಕೆಯ ಪ್ರಶ್ನೆ. ಯುವಕ ಕಾಲೇಜಿನ ಪ್ರಾಜೆಕ್ಟ್‌ನಲ್ಲಿ ಮಾರ್ಗದರ್ಶಕರೊಡನೆ ವಾದಿಸಿದ್ದನ್ನು ವಿವರವಾಗಿ ಹೇಳಿದ. ಯುವತಿ ‘ಹಾಗೆ ಯಾವತ್ತೂ ಮಾತನಾಡಿಲ್ಲ, ಸರ್’ ಎಂದು ನಿಲ್ಲಿಸಿದಳು. ಇಬ್ಬರೂ ಅಂಕದಾರರು ಆಕೆಗೆ ಒಂದು ಅಂಕ ಹಾಕಲು ಹೊರಟಿದ್ದರು. ನಾನು ತಡೆದೆ. ಹಿರಿಯರಿಗೆ ಎದುರಾಡಲು ಅವಕಾಶವೇ ಸಿಗದ ಜಾಗದಿಂದ ಬಂದವರಿಗೆ ಈ ಪ್ರಶ್ನೆಗೆ ಹೇಳಲು ಕಥೆಯಿರುವುದಿಲ್ಲ. ಕಥೆ ಇಲ್ಲದಿರುವುದಕ್ಕೂ ಧೈರ್ಯ ಇಲ್ಲದಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಹಳೆಯ ಅನುಭವ ಕೇಳುವ ಪ್ರಶ್ನೆಗಳು ಎಲ್ಲರಿಗೂ ಸಮಾನ ಎಂದು ಕಂಡರೂ, ಅನುಭವ ಪಡೆಯುವ ಅವಕಾಶ ಸಮಾನವಾಗಿರಲಿಲ್ಲ ಎಂಬುದನ್ನು ಮರೆಸುತ್ತವೆ.

ಪ್ರಶ್ನೆಯನ್ನು ಇಬ್ಬರಿಗೂ ರದ್ದು ಮಾಡಿ, ಅದರ ಬದಲು ಕಾಗದವೊಂದನ್ನು ಕೊಟ್ಟೆವು. ಮೇಲ್ವಿಚಾರಕಿ ಬರೆದಂತೆ ತೋರುವ ದಾಸ್ತಾನಿನ ಲೆಕ್ಕ, ಅದರಲ್ಲಿ ಬೇಕೆಂದೇ ಇಟ್ಟ ಒಂದು ತಪ್ಪು. ‘ಇದನ್ನು ಗ್ರಾಹಕರಿಗೆ ಓದಿ ಹೇಳಿ’ ಎಂದಷ್ಟೇ ಹೇಳಿದೆವು. ತಪ್ಪಿದೆ ಎಂಬ ಸುಳಿವು ಕೊಡಲಿಲ್ಲ. ಯುವಕ ಓದಿದ, ಕೊನೆಗೆ ‘ಮೊತ್ತ ಸ್ವಲ್ಪ ಬೇರೆ ಬರುತ್ತಿದೆಯೇನೋ’ ಎಂದ. ಯುವತಿ ಮೂರನೆಯ ಸಾಲಿನಲ್ಲಿ ನಿಲ್ಲಿಸಿ, ತಲೆ ಎತ್ತಿ, ‘ಮೇಡಂ, ಇದು ತಪ್ಪಿದೆ, ಇದನ್ನು ಓದಿ ಹೇಳಲು ಬರುವುದಿಲ್ಲ’ ಎಂದಳು. ದನಿ ಅದೇ ಮೆತ್ತಗಿನ ದನಿ.

ಇಬ್ಬರು ಅಂಕದಾರರೂ ಪರಸ್ಪರ ಮಾತನಾಡುವ ಮೊದಲೇ ಅಂಕ ಬರೆದು ಹಾಳೆ ಮಡಚಿಟ್ಟಿದ್ದರು. ಇದನ್ನು ಬಿಡಲೇಬಾರದು. ಮಾತಿಗೆ ಕೂತರೆ ಹಿರಿಯರು ಮೊದಲು ಬಾಯಿಬಿಡುತ್ತಾರೆ, ಉಳಿದವರ ಅಂಕ ಅತ್ತಲೇ ಸರಿಯುತ್ತದೆ. ಹಾಳೆ ಬಿಚ್ಚಿದಾಗ ಯುವಕನಿಗೆ ಕ್ರಮವಾಗಿ 2 ಮತ್ತು 3, 5 ಮತ್ತು 4, 3 ಮತ್ತು 3, ಮೂವತ್ತಕ್ಕೆ ಇಪ್ಪತ್ತು. ಯುವತಿಗೆ 5 ಮತ್ತು 4, 2 ಮತ್ತು 3, 4 ಮತ್ತು 5; ಮೂವತ್ತಕ್ಕೆ ಇಪ್ಪತ್ತಮೂರು. ಮೂರು ಅಂಕದ ಅಂತರ ದೊಡ್ಡದೇನಲ್ಲ, ಬರೀ ಅದರ ಮೇಲೆ ತೀರ್ಮಾನಿಸಿದ್ದರೆ ನನಗೆ ಸಮಾಧಾನವಾಗುತ್ತಿರಲಿಲ್ಲ. ನಿರ್ಧಾರವನ್ನು ಗಟ್ಟಿ ಮಾಡಿದ್ದು ಮೇಲ್ವಿಚಾರಕಿಯ ಒಂದು ಮಾತು: ಟಿಪ್ಪಣಿ ಬರೆಯುವುದನ್ನು ನಾನು ಮೂರು ವಾರದಲ್ಲಿ ಕಲಿಸಬಲ್ಲೆ, ತಪ್ಪನ್ನು ಅದೇ ರಾತ್ರಿ ಹೇಳುವುದನ್ನು ಕಲಿಸಲು ನನಗೆ ವರ್ಷ ಹಿಡಿದಿದೆ. ಕಲಿಸಬಹುದಾದುದರ ಕೊರತೆಯನ್ನು ಹೊಂದಿಕೆಯ ಕೊರತೆ ಎಂದು ಎಣಿಸುವುದು ನಮ್ಮಲ್ಲಿ ಬಹಳ ನಡೆಯುವ ತಪ್ಪು.

ಈ ಮಾತಿಗೆ ಬೆಂಬಲವಾಗುವ ಅಧ್ಯಯನವೂ ಇದೆ. ಸಮೀರ್ ಶ್ರೀವಾಸ್ತವ, ಅಮೀರ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು ಅಮೆರಿಕದ ಒಂದು ತಂತ್ರಜ್ಞಾನ ಕಂಪನಿಯ ನೌಕರರ ವರ್ಷಗಟ್ಟಲೆಯ ಇಮೇಲ್ ಭಾಷೆಯನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದರು. ಸಹೋದ್ಯೋಗಿಗಳ ಧಾಟಿಗೆ ಒಬ್ಬರು ಎಷ್ಟು ಹೊಂದಿದ್ದಾರೆ ಎಂಬುದು ಕಾಲಕ್ರಮದಲ್ಲಿ ಬದಲಾಗುತ್ತ ಹೋಗುತ್ತದೆ, ಬೇಗ ಹೊಂದಿಕೊಳ್ಳದವರು ಕೆಲಸ ಕಳೆದುಕೊಳ್ಳುವ ಸಂಭವ ಹೆಚ್ಚು ಎಂದು ಅದು ಕಂಡುಕೊಂಡಿತು. ಅಂದರೆ ಸಂದರ್ಶನದ ದಿನ ಹೊಂದಿದಂತೆ ಕಾಣುವುದು ಒಂದು ಕ್ಷಣದ ಚಿತ್ರ ಮಾತ್ರ. ಹೊಂದಿಕೊಳ್ಳುವ ಶಕ್ತಿ ಬೇರೆಯದೇ ಸಂಗತಿ.

ನಮ್ಮಂತೆ ಇಲ್ಲದವರು ಬಂದರೆ ಮಾತುಕತೆ ಕಷ್ಟವಾಗುತ್ತದೆ ಎಂಬ ದೂರಿನಲ್ಲಿಯೂ ಸತ್ಯವಿದೆ. ಕ್ಯಾಥರಿನ್ ಫಿಲಿಪ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳ ಗುಂಪುಗಳಿಗೆ ಒಂದು ಕೊಲೆ ಪ್ರಕರಣವನ್ನು ಬಿಡಿಸಲು ಕೊಟ್ಟಿದ್ದರು. ಹೊರಗಿನವರು ಸೇರಿದ ಗುಂಪುಗಳೇ ಹೆಚ್ಚು ಸರಿಯಾದ ಉತ್ತರಕ್ಕೆ ತಲುಪಿದವು, ಆದರೆ ತಮ್ಮ ಉತ್ತರದ ಬಗ್ಗೆ ಅವಕ್ಕೆ ವಿಶ್ವಾಸ ಕಡಿಮೆಯಿತ್ತು. ಒಂದೇ ಬಗೆಯವರ ಗುಂಪುಗಳಿಗೆ ವಿಶ್ವಾಸ ಹೆಚ್ಚು, ಉತ್ತರ ಸರಿಯಾದದ್ದು ಕಡಿಮೆ. ಸಂದರ್ಶನದಲ್ಲಿ ಆಗುವ ಹಿತದ ಅನುಭವವನ್ನು ಕೆಲಸ ಚೆನ್ನಾಗಿ ನಡೆಯುವ ಲಕ್ಷಣ ಎಂದು ನಂಬಬಾರದು ಎಂಬುದಕ್ಕೆ ನನಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಗೊತ್ತಿಲ್ಲ.

ಇಷ್ಟೆಲ್ಲ ಮಾಡಿದರೂ ಪಕ್ಷಪಾತ ನುಸುಳುವ ಬಿರುಕುಗಳು ಉಳಿಯುತ್ತವೆ. ವರ್ಷಕ್ಕೆ ಐದಾರು ಜನರನ್ನು ತೆಗೆದುಕೊಳ್ಳುವ ಕಂಪನಿಯಲ್ಲಿ ಅಂಕಿಸಂಖ್ಯೆಯಿಂದ ಅದನ್ನು ಹಿಡಿಯಲಾಗದು. ಹಾಳೆಯ ಮೇಲಿನ ಪದಗಳಿಂದ ಹಿಡಿಯಬಹುದು. ‘ಚುರುಕು’, ‘ಮಂಕು’, ‘ನಮ್ಮ ಹುಡುಗನಂತೆ’, ‘ಸ್ವಲ್ಪ ಹಳ್ಳಿ ಕಡೆಯವರು’ ಎಂಬ ವಿಶೇಷಣಗಳೇ ತುಂಬಿದ್ದು, ಅಭ್ಯರ್ಥಿ ಆಡಿದ ಒಂದು ಮಾತೂ ಅಲ್ಲಿ ಇಲ್ಲದಿದ್ದರೆ ಆ ಹಾಳೆ ಬರೆದವರ ಬಗ್ಗೆ ಹೇಳುತ್ತದೆ, ಅಭ್ಯರ್ಥಿಯ ಬಗ್ಗೆ ಅಲ್ಲ. ಇನ್ನೊಂದು ಗುರುತು ಸಂದರ್ಶನದ ಹೊತ್ತು. ಒಬ್ಬರಿಗೆ ನಲವತ್ತು ನಿಮಿಷ, ಇನ್ನೊಬ್ಬರಿಗೆ ಹದಿನೆಂಟು ಎಂದಾದರೆ ಅಲ್ಲಿ ಎರಡು ಬೇರೆ ಪರೀಕ್ಷೆಗಳು ನಡೆದಿವೆ. ಮೂವರು ಸಂದರ್ಶಕರೂ ಒಂದೇ ಮಾತು ಹೇಳಿದರು ಎಂಬುದನ್ನೂ ಸಾಕ್ಷಿಯಾಗಿ ಒಪ್ಪಬಾರದು. ಮೂವರೂ ಒಂದೇ ಬಗೆಯವರಾಗಿದ್ದರೆ ಒಮ್ಮತ ಬರದೇ ಇರುವುದಿಲ್ಲ.

ಯುವತಿ ಈಗ ಆ ವಿಭಾಗದಲ್ಲಿದ್ದಾಳೆ. ಮೊದಲ ತಿಂಗಳು ಆಕೆಯ ಟಿಪ್ಪಣಿಗಳನ್ನು ಮೇಲ್ವಿಚಾರಕಿ ದಿನವೂ ಕೆಂಪು ಶಾಯಿಯಲ್ಲಿ ತಿದ್ದಿದರು. ಬೀಜ, ಗೊಬ್ಬರದ ಅಂಗಡಿಯವರು ಉದ್ರಿ ಪುಸ್ತಕವನ್ನು ಸುಗ್ಗಿಯಿಂದ ಸುಗ್ಗಿಗೆ ಹೇಗೆ ನಡೆಸುತ್ತಾರೆ ಎಂಬುದು ಆ ಕಚೇರಿಯಲ್ಲಿ ಆಕೆಗೆ ಬಿಟ್ಟು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಅಂಥ ಅಂಗಡಿಗಳ ಫೋನುಗಳು ಈಗ ಆಕೆಗೆ ಹೋಗುತ್ತವೆ. ಮಧ್ಯಾಹ್ನದ ಊಟಕ್ಕೆ ಆಕೆ ಇನ್ನೂ ಎಲ್ಲರೊಡನೆ ಕೂರುತ್ತಿಲ್ಲ. ಅದರ ಕಾರಣವನ್ನು ಆಕೆಯಲ್ಲಿ ಹುಡುಕದೆ ಆ ಮೇಜಿನಲ್ಲಿ ಹುಡುಕಬೇಕು ಎಂದು ವ್ಯವಸ್ಥಾಪಕರಿಗೆ ಹೇಳಿದ್ದೇನೆ.

ಮುಂದಿನ ಹುದ್ದೆಗೆ ಬಂದ ಹನ್ನೊಂದು ಅರ್ಜಿಗಳನ್ನು ಮೊನ್ನೆ ನೋಡಿದೆ. ಒಂಬತ್ತು ಅರ್ಜಿಗಳು ಬರೀ ಎರಡು ಕಾಲೇಜುಗಳಿಂದ, ಎಲ್ಲವೂ ಈಗಿನ ನೌಕರರ ಪರಿಚಯದವರು. ಸಂದರ್ಶನದ ಕೋಣೆಗೆ ಬರುವ ಮೊದಲೇ ಆಯ್ಕೆ ಮುಗಿದಂತೆ. ಜಾಹೀರಾತಿನ ಪ್ರತಿಯನ್ನು ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರಿನ ಸರ್ಕಾರಿ ಕಾಲೇಜುಗಳ ಸೂಚನಾ ಫಲಕಕ್ಕೆ ಕಳಿಸಿ, ಕೊನೆಯ ದಿನಾಂಕವನ್ನು ಹದಿನೈದು ದಿನ ಮುಂದಕ್ಕೆ ಹಾಕಿಸಿದ್ದೇವೆ.